ಸೀನಿದರೆ ಕರವಸ್ತ್ರ ಹಾರುವ ವಾಕ್ಯ, ದೆವ್ವ ಹಿಡಿಯುವ ವಾಕ್ಯ

ಪ್ರಶ್ನೆ: ಇಂಗ್ಲಿಷಿನಲ್ಲಿ ‘ಶೀ ಸ್ನೀಜ್ಡ್ ದ ನ್ಯಾಪ್‌ಕಿನ್ ಆಫ್ ದ ಟೇಬಲ್’ ಎನ್ನಬಹುದಂತೆ. ‘ಸೀನು’ ಅಕರ್ಮಕ ಎಂದು ಕಲಿತವನು ನಾನು. ಅದಕ್ಕೆ ಕರ್ಮ ಎಲ್ಲಿಂದ ಬಂತು? ಅರ್ಥ ಇರುವುದು ವಾಕ್ಯದ ಚೌಕಟ್ಟಿನಲ್ಲಿ ಎಂದು ಕನ್‌ಸ್ಟ್ರಕ್ಷನ್ ಗ್ರಾಮರಿನವರು ಹೇಳುವುದಾದರೆ, ಯಾವ ಕ್ರಿಯಾಪದವನ್ನಾದರೂ ಯಾವ ಚೌಕಟ್ಟಿಗಾದರೂ ತುರುಕಬಹುದಲ್ಲವೇ? ಹಾಗಾದರೆ ಕನ್ನಡದಲ್ಲಿ ಈ ವಾಕ್ಯ ಏಕೆ ಒಗ್ಗುವುದಿಲ್ಲ?

ಉತ್ತರ: ಆ ವಾಕ್ಯದಲ್ಲಿ ಕರ್ಮಸ್ಥಾನದಲ್ಲಿ ಕುಳಿತಿರುವ ಕರವಸ್ತ್ರ ಸೀನುವ ಕ್ರಿಯೆಯ ಕರ್ಮವಲ್ಲ. ಅದನ್ನು ಯಾರೂ ಸೀನಲಿಲ್ಲ. ಅದು ಮೇಜಿನಿಂದ ಆಚೆಗೆ ಸರಿಯಿತು, ಅಷ್ಟೆ. ಹಾಗಾಗಿ ಅದನ್ನು ಸರಿಸುವ ಕ್ರಿಯೆಯ ಕರ್ಮ ಎನ್ನಬೇಕು. ತೊಡಕಿರುವುದು ಇಲ್ಲಿಯೇ: ಇಡೀ ವಾಕ್ಯದಲ್ಲಿ ‘ಸರಿಸು’ ಎಂಬ ಅರ್ಥದ ಪದ ಒಂದೂ ಇಲ್ಲ. ಇರುವ ಕ್ರಿಯಾಪದ ಒಂದೇ, ಅದರ ಅರ್ಥ ಸೀನುವುದು. ಆದರೂ ಕೇಳಿದ ಇಂಗ್ಲಿಷ್ ಭಾಷಿಕರೆಲ್ಲರಿಗೂ ‘ಅವಳ ಸೀನಿನಿಂದ ಕರವಸ್ತ್ರ ಹಾರಿ ಕೆಳಗೆ ಬಿತ್ತು’ ಎಂಬ ಅರ್ಥವೇ ಹೊಳೆಯುತ್ತದೆ. ಹೊಳೆದ ಈ ಹೆಚ್ಚಿನ ಅರ್ಥ ಎಲ್ಲಿ ಅಡಗಿತ್ತು ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ನಾವೆಲ್ಲ ಶಾಲೆಯಲ್ಲಿ ಕಲಿತ ವ್ಯಾಕರಣದ ಪ್ರಕಾರ ವಾಕ್ಯದ ಯಜಮಾನ ಕ್ರಿಯಾಪದ. ‘ಕೊಡು’ ಎಂದೊಡನೆ ಕೊಡುವವರು ಯಾರು, ಏನನ್ನು, ಯಾರಿಗೆ ಎಂಬ ಆಕಾಂಕ್ಷೆ ಹುಟ್ಟುತ್ತದೆ. ‘ಮಲಗು’ ಎಂದರೆ ಮಲಗುವವರೊಬ್ಬರು ಸಾಕು. ಹೀಗೆ ಎಷ್ಟು ನಾಮಪದಗಳು ಬರಬೇಕು, ಯಾವ ವಿಭಕ್ತಿಯಲ್ಲಿ ಬರಬೇಕು ಎಂಬುದನ್ನು ಕ್ರಿಯಾಪದವೇ ತನ್ನೊಳಗೆ ಹೊತ್ತು ತರುತ್ತದೆ ಎಂಬ ನಂಬಿಕೆ ಆಧುನಿಕ ಭಾಷಾವಿಜ್ಞಾನದ ಹಲವು ಪಂಥಗಳಲ್ಲಿಯೂ ಗಟ್ಟಿಯಾಗಿದೆ. ಈ ನಂಬಿಕೆಯನ್ನು ಬಿಡಲೊಲ್ಲದವರು ಸೀನಿನ ವಾಕ್ಯವನ್ನು ವಿವರಿಸಬೇಕಾದರೆ ಇಂಗ್ಲಿಷಿನ ‘ಸ್ನೀಜ್’ ಎಂಬ ಪದಕ್ಕೆ ನಿಘಂಟಿನಲ್ಲಿ ಎರಡನೆಯ ಅರ್ಥವೊಂದನ್ನು ಬರೆದುಕೊಳ್ಳಬೇಕಾಗುತ್ತದೆ: ‘ಸೀನುವ ಮೂಲಕ ಒಂದು ವಸ್ತುವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಂತೆ ಮಾಡು’. ಅಷ್ಟಕ್ಕೇ ಮುಗಿಯುವುದಿಲ್ಲ. ಆ ಭಾಷೆಯಲ್ಲಿ ಜನ ಸೇರಿ ನಕ್ಕು ನಕ್ಕು ಒಬ್ಬನನ್ನು ಕೋಣೆಯಿಂದ ಹೊರಗಟ್ಟಿದ್ದನ್ನು ‘ಲಾಫ್’ ಎಂಬ ಒಂದೇ ಕ್ರಿಯಾಪದದಿಂದ, ಇದೇ ಚೌಕಟ್ಟಿನಲ್ಲಿ ಹೇಳಬಹುದು. ಆಗ ನಗುವುದಕ್ಕೂ ‘ನಗುತ್ತ ಹೊರಗಟ್ಟು’ ಎಂಬ ಇನ್ನೊಂದು ಅರ್ಥ ಬೇಕಾಗುತ್ತದೆ. ಹೀಗೆ ಪ್ರತಿ ಕ್ರಿಯಾಪದಕ್ಕೂ ಸೇರಿಸುತ್ತ ಹೋದ ಅರ್ಥಗಳನ್ನು ಸಾಲಾಗಿ ಇಟ್ಟು ನೋಡಿದರೆ ಎಲ್ಲದರಲ್ಲಿಯೂ ಒಂದೇ ಭಾಗ ಮರುಕಳಿಸುವುದು ಕಾಣುತ್ತದೆ: ‘ಒಂದನ್ನು ಒಂದೆಡೆಗೆ ಹೋಗುವಂತೆ ಮಾಡು’. ನೂರು ಪದಗಳಿಗೆ ನೂರು ಬಾರಿ ಬರೆದುಕೊಂಡ ಈ ಭಾಗ ಪದಗಳದ್ದಾಗಿರದೆ, ಆ ಪದಗಳೆಲ್ಲ ಹೋಗಿ ಕುಳಿತ ಚೌಕಟ್ಟಿನದ್ದಾಗಿರಬಹುದಲ್ಲವೇ?

ಈ ಅನುಮಾನವನ್ನು ಸಿದ್ಧಾಂತವಾಗಿ ಬೆಳೆಸಿದವರು ಭಾಷಾವಿಜ್ಞಾನಿ ಅಡೆಲ್ ಗೋಲ್ಡ್‌ಬರ್ಗ್. ಬರ್ಕ್‌ಲಿಯಲ್ಲಿ ಚಾರ್ಲ್ಸ್ ಫಿಲ್ಮೋರ್ ಮತ್ತು ಪಾಲ್ ಕೇ ಅವರು 1980ರ ದಶಕದಲ್ಲಿ ನುಡಿಗಟ್ಟುಗಳ ಅಧ್ಯಯನದಿಂದ ಆರಂಭಿಸಿದ ವಿಚಾರವನ್ನು ಗೋಲ್ಡ್‌ಬರ್ಗ್ 1995ರಲ್ಲಿ ತೀರಾ ಸಾಮಾನ್ಯ ವಾಕ್ಯಗಳಿಗೂ ಅನ್ವಯಿಸಿದರು. ನೀವು ಉಲ್ಲೇಖಿಸಿದ ಸೀನಿನ ಉದಾಹರಣೆಗೆ ಹೆಸರು ಬಂದದ್ದು ಆಗಲೇ. ಅವರ ಪ್ರತಿಪಾದನೆಯನ್ನು ಸರಳವಾಗಿ ಹೇಳುವುದಾದರೆ, ‘ಕರ್ತೃ, ಕ್ರಿಯಾಪದ, ಕರ್ಮ, ದಿಕ್ಕು ಸೂಚಿಸುವ ಪದಗುಚ್ಛ’ ಎಂಬ ಇಂಗ್ಲಿಷ್ ಚೌಕಟ್ಟು ಬರಿಯ ಖಾಲಿ ಗೂಡುಗಳ ಸಾಲಲ್ಲ. ಒಂದು ಪದಕ್ಕೆ ರೂಪವೂ ಅರ್ಥವೂ ಇರುವ ಹಾಗೆಯೇ ಈ ಸಾಲಿಗೂ ಒಂದು ಅರ್ಥವಿದೆ: ‘ಮೊದಲನೆಯದು ಎರಡನೆಯದನ್ನು ಆ ದಿಕ್ಕಿಗೆ ಚಲಿಸುವಂತೆ ಮಾಡುತ್ತದೆ’. ಇಂತಹ ರೂಪ ಮತ್ತು ಅರ್ಥದ ಜೋಡಿಗೆ ಅವರು ಕನ್‌ಸ್ಟ್ರಕ್ಷನ್ ಎನ್ನುತ್ತಾರೆ. ನಾನು ‘ರಚನೆ’ ಎನ್ನುತ್ತೇನೆ. ಮೇಲಿನದನ್ನು ಚಾಲನೆಯ ರಚನೆ ಎಂದು ಕರೆಯೋಣ.

ಇನ್ನು ಸೀನಿನ ವಾಕ್ಯ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ನಿಧಾನವಾಗಿ ನೋಡಬಹುದು. ಇದರಲ್ಲಿ ಎರಡು ಬಗೆಯ ಪಾತ್ರಗಳನ್ನು ಬೇರೆಬೇರೆಯಾಗಿ ಹಿಡಿದುಕೊಳ್ಳಬೇಕು. ಕ್ರಿಯಾಪದದ ಪಾತ್ರಗಳು ಆ ಕ್ರಿಯೆಗೇ ವಿಶಿಷ್ಟವಾದವು: ಸೀನುವುದಕ್ಕೆ ಇರುವುದು ‘ಸೀನುವವರು’ ಎಂಬ ಒಂದೇ ಪಾತ್ರ. ರಚನೆಯ ಪಾತ್ರಗಳು ಅಷ್ಟು ನಿರ್ದಿಷ್ಟವಲ್ಲ: ಚಾಲನೆಯ ರಚನೆಗೆ ‘ಕಾರಣವಾದದ್ದು’, ‘ಚಲಿಸಿದ್ದು’, ‘ದಿಕ್ಕು’ ಎಂಬ ಮೂರು ಇವೆ. ಕ್ರಿಯಾಪದವನ್ನು ರಚನೆಯೊಳಗೆ ಕೂಡಿಸಿದಾಗ ಎರಡೂ ಕಡೆಯ ಪಾತ್ರಗಳು ಬೆಸೆದುಕೊಳ್ಳಬೇಕು. ಬೆಸುಗೆಗೆ ಮುಖ್ಯ ಷರತ್ತು ಇಷ್ಟೆ: ಕ್ರಿಯಾಪದದ ಪಾತ್ರ ರಚನೆಯ ಪಾತ್ರದ ಒಂದು ನಿದರ್ಶನವೆಂದು ತಿಳಿಯಲು ಸಾಧ್ಯವಾಗಬೇಕು. ಸೀನುವವರು ಗಾಳಿಯ ರಭಸಕ್ಕೆ ಕಾರಣರಾಗುತ್ತಾರೆ, ಆದ್ದರಿಂದ ‘ಸೀನುವವರು’ ಹೋಗಿ ‘ಕಾರಣವಾದದ್ದು’ ಎಂಬುದರೊಂದಿಗೆ ಬೆಸೆದುಕೊಳ್ಳುತ್ತದೆ. ಉಳಿದ ಎರಡು ಪಾತ್ರಗಳಿಗೆ ಕ್ರಿಯಾಪದದ ಕಡೆಯಿಂದ ಜೊತೆ ಇಲ್ಲ. ಕರವಸ್ತ್ರವನ್ನೂ ಮೇಜಿನಿಂದಾಚೆ ಎಂಬ ದಿಕ್ಕನ್ನೂ ಒದಗಿಸುವುದು ರಚನೆ ಒಂದೇ. ಸೀನು ಚಾಲನೆಯ ಸಾಧನವಾಗಿ ಒಳಗೆ ಸೇರುತ್ತದೆ. ಸೀನುವುದರ ಅರ್ಥ ಇಲ್ಲಿ ಕೂದಲೆಳೆಯಷ್ಟೂ ಬದಲಾಗಿಲ್ಲ ಎಂಬುದನ್ನು ಗಮನಿಸಿ. ಅಕರ್ಮಕವಾಗಿದ್ದ ಪದ ಅಕರ್ಮಕವಾಗಿಯೇ ಉಳಿದಿದೆ. ಕರ್ಮ ಬಂದದ್ದು ಚೌಕಟ್ಟಿನಿಂದ.

ಹೋಲಿಕೆಗೆ ‘ಇಡು’ ಎಂಬ ಅರ್ಥದ ‘ಪುಟ್’ ತೆಗೆದುಕೊಂಡರೆ ಅದಕ್ಕೆ ಇಡುವವರು, ಇಟ್ಟ ವಸ್ತು, ಇಟ್ಟ ಜಾಗ ಎಂಬ ಮೂರು ಪಾತ್ರಗಳಿವೆ. ಅದು ಇದೇ ರಚನೆಯಲ್ಲಿ ಕುಳಿತಾಗ ಮೂರಕ್ಕೆ ಮೂರೂ ಬೆಸೆದುಕೊಳ್ಳುತ್ತವೆ, ರಚನೆಯ ಕೊಡುಗೆ ಏನೂ ಕಾಣುವುದೇ ಇಲ್ಲ. ದಿನನಿತ್ಯದ ಬಹುಪಾಲು ವಾಕ್ಯಗಳು ಹೀಗಿರುವುದರಿಂದಲೇ ಎಲ್ಲವೂ ಕ್ರಿಯಾಪದದಿಂದ ಬಂದಂತೆ ನಮಗೆ ತೋರುತ್ತದೆ. ಚೌಕಟ್ಟು ಕಣ್ಣಿಗೆ ಬೀಳುವುದು ಕ್ರಿಯಾಪದ ಅನಿರೀಕ್ಷಿತವಾದಾಗ ಮಾತ್ರ. ಸೀನಿನಂತಹ ವಿಚಿತ್ರ ಉದಾಹರಣೆಗಳಿಗೆ ಭಾಷಾವಿಜ್ಞಾನಿಗಳು ಇಷ್ಟು ಜೋತುಬಿದ್ದಿರುವುದೇಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರವೂ ಇದೇ.

ಯಾವುದನ್ನಾದರೂ ತುರುಕಬಹುದಲ್ಲವೇ ಎಂಬ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಎರಡು ತಡೆಗಳಿವೆ. ಮೊದಲನೆಯದು ರಚನೆಯ ಅರ್ಥವೇ ಹಾಕುವ ತಡೆ. ಚಾಲನೆಯ ರಚನೆಯಲ್ಲಿ ಕಾರಣಕ್ಕೂ ಚಲನೆಗೂ ನಡುವೆ ಚಲಿಸುವವರ ಸ್ವಂತ ತೀರ್ಮಾನ ನುಸುಳಬಾರದು. ಇಂಗ್ಲಿಷಿನಲ್ಲಿ ಒಬ್ಬನನ್ನು ಮನೆಯಿಂದ ಹೊರಕ್ಕೆ ‘ಹೆದರಿಸಬಹುದು’, ಏಕೆಂದರೆ ಹೆದರಿದವನು ಯೋಚಿಸುತ್ತ ನಿಲ್ಲದೆ ಓಡುತ್ತಾನೆ; ಆದರೆ ಒಬ್ಬನನ್ನು ಕೋಣೆಯೊಳಕ್ಕೆ ‘ಪ್ರೋತ್ಸಾಹಿಸಲು’ ಬರುವುದಿಲ್ಲ, ಏಕೆಂದರೆ ಪ್ರೋತ್ಸಾಹ ಪಡೆದವನು ಒಳಗೆ ಹೋಗಬೇಕೋ ಬೇಡವೋ ಎಂದು ತಾನೇ ನಿರ್ಧರಿಸುತ್ತಾನೆ. ಎರಡೂ ಸಕರ್ಮಕ ಕ್ರಿಯಾಪದಗಳೇ, ಎರಡಕ್ಕೂ ಕರ್ತೃ ಮತ್ತು ಕರ್ಮ ಎರಡೂ ಇವೆ. ವ್ಯತ್ಯಾಸ ತೀರ್ಮಾನಿಸುವುದು ರಚನೆಯ ಅರ್ಥ.

ಎರಡನೆಯ ತಡೆ ಅರ್ಥದ್ದಲ್ಲ, ರೂಢಿಯದ್ದು. ‘ವಿವರಿಸು’ ಎಂಬ ಅರ್ಥದ ‘ಎಕ್ಸ್‌ಪ್ಲೇನ್’ ಅನ್ನು ‘ಎಕ್ಸ್‌ಪ್ಲೇನ್ ಮೀ ದಿಸ್’ ಎಂದು ಹೇಳಿದರೆ ಅರ್ಥ ಎಲ್ಲರಿಗೂ ಆಗುತ್ತದೆ, ಆದರೆ ಇಂಗ್ಲಿಷನ್ನು ತೊಟ್ಟಿಲಿನಿಂದ ಕಲಿತವರಿಗೆ ಅದು ಕಿವಿಗೆ ಕುಟುಕುತ್ತದೆ. ‘ಟೆಲ್ ಮೀ ದಿಸ್’ ಸರಿ ಇರುವಾಗ ಇದೇಕೆ ತಪ್ಪು? ಗೋಲ್ಡ್‌ಬರ್ಗ್ ಕೊಡುವ ವಿವರಣೆ ಪೈಪೋಟಿಯದ್ದು. ಆ ಪದವನ್ನು ಕೇಳಿದಾಗಲೆಲ್ಲ, ಇದೇ ಅರ್ಥ ಹೇಳಬೇಕಾದ ಸಂದರ್ಭದಲ್ಲಿ, ‘ಎಕ್ಸ್‌ಪ್ಲೇನ್ ದಿಸ್ ಟು ಮೀ’ ಎಂಬ ಬೇರೆ ಚೌಕಟ್ಟೇ ಕಿವಿಗೆ ಬಿದ್ದಿರುತ್ತದೆ. ಹೀಗೆ ಮತ್ತೆ ಮತ್ತೆ ಒಂದನ್ನೇ ಕೇಳುತ್ತ ಮತ್ತೊಂದು ಸಲ್ಲದು ಎಂಬ ತಿಳಿವು ಮನಸ್ಸಿನಲ್ಲಿ ಕೂರುತ್ತದೆ. ಸೀನಿ ಕರವಸ್ತ್ರ ಹಾರಿಸುವುದನ್ನು ಹೇಳಲು ಆ ಭಾಷೆಯಲ್ಲಿ ಇಂತಹ ಸಿದ್ಧ ಪ್ರತಿಸ್ಪರ್ಧಿ ಇಲ್ಲ. ಆದ್ದರಿಂದಲೇ ಎರಡೂ ಹಿಂದೆ ಕೇಳಿರದ ವಾಕ್ಯಗಳಾದರೂ ಒಂದು ಹೊಸತಾಗಿ ಕೇಳುತ್ತದೆ, ಇನ್ನೊಂದು ತಪ್ಪಾಗಿ ಕೇಳುತ್ತದೆ.

ಇದೆಲ್ಲ ವಿಶ್ಲೇಷಕರ ಕಲ್ಪನೆಯೋ, ಕೇಳುಗರ ಮನಸ್ಸಿನಲ್ಲಿ ನಿಜಕ್ಕೂ ನಡೆಯುತ್ತದೆಯೋ ಎಂಬುದಕ್ಕೆ ಒಂದು ಸೊಗಸಾದ ಪ್ರಯೋಗವಿದೆ. ಮೈಕಲ್ ಕಶಾಕ್ ಮತ್ತು ಆರ್ಥರ್ ಗ್ಲೆನ್‌ಬರ್ಗ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊರುಗೋಲು ಎಂಬ ಅರ್ಥದ ‘ಕ್ರಚ್’ ಎಂಬ ನಾಮಪದವನ್ನೇ ಕ್ರಿಯಾಪದವಾಗಿ ಬಳಸಿ ಎರಡು ವಾಕ್ಯ ಕಟ್ಟಿದರು. ಒಂದರಲ್ಲಿ ಒಬ್ಬಳು ಸೇಬನ್ನು ‘ಊರುಗೋಲಿಸಿದಳು’. ಇನ್ನೊಂದರಲ್ಲಿ, ‘ಕೊಡು’ ಎಂಬ ಕ್ರಿಯಾಪದ ಕೂರುವ ಎರಡು ಕರ್ಮಗಳ ಚೌಕಟ್ಟಿನಲ್ಲಿ, ಒಬ್ಬನಿಗೆ ಸೇಬನ್ನು ‘ಊರುಗೋಲಿಸಿದಳು’. ಆ ಕ್ರಿಯಾಪದವನ್ನು ಯಾರೂ ಹಿಂದೆ ಕೇಳಿದವರಲ್ಲ. ಆದರೂ ಎರಡನೆಯ ವಾಕ್ಯ ಓದಿದವರು ಸೇಬು ಅವನ ಕೈ ಸೇರಿತು ಎಂದೇ ತಿಳಿದರು. ನಿಘಂಟಿನಲ್ಲಿ ಇಲ್ಲದ ಕ್ರಿಯಾಪದಕ್ಕೆ ‘ಕೊಡುವ’ ಅರ್ಥ ಬಂದದ್ದು ಚೌಕಟ್ಟಿನಿಂದಲ್ಲದೆ ಬೇರೆ ಎಲ್ಲಿಂದಲೂ ಅಲ್ಲ. ಆದರೆ ಆ ಸಂಶೋಧಕರು ಇನ್ನೊಂದನ್ನೂ ಒತ್ತಿ ಹೇಳುತ್ತಾರೆ: ಊರುಗೋಲಿನಿಂದ ಸೇಬನ್ನು ತಳ್ಳಿ ದಾಟಿಸುವುದನ್ನು ಊಹಿಸಿಕೊಳ್ಳಲು ಸಾಧ್ಯವಿದೆ ಎಂಬ ಕಾರಣಕ್ಕೇ ಈ ಬೆಸುಗೆ ಕೂಡಿಬರುತ್ತದೆ. ಚೌಕಟ್ಟು ಅರ್ಥವನ್ನು ಕೊಡುತ್ತದೆ, ಲೋಕಜ್ಞಾನ ಅದಕ್ಕೆ ಒಪ್ಪಿಗೆ ಕೊಡಬೇಕು.

ಈಗ ಕನ್ನಡ. ‘ಅವಳು ಕರವಸ್ತ್ರವನ್ನು ಮೇಜಿನಿಂದ ಸೀನಿದಳು’ ಎಂಬುದು ನಮಗೆ ವಾಕ್ಯವೇ ಅಲ್ಲ. ‘-ಇಸು’ ಹಚ್ಚಿ ಸಕರ್ಮಕ ಮಾಡೋಣವೆಂದರೆ ‘ಕರವಸ್ತ್ರವನ್ನು ಸೀನಿಸಿದಳು’ ಎಂದಾಗುತ್ತದೆ, ಕರವಸ್ತ್ರವೇ ‘ಆಕ್ಷೀ’ ಎಂದಂತೆ! ಈ ನಗೆಯ ಫಲಿತಾಂಶದಲ್ಲಿ ಒಂದು ಗಂಭೀರ ವಿಷಯವಿದೆ. ಕನ್ನಡದ ಪ್ರೇರಣಾರ್ಥಕವೂ ಒಂದು ರಚನೆಯೇ. ಆದರೆ ಅಕರ್ಮಕ ಕ್ರಿಯಾಪದಕ್ಕೆ ಹಚ್ಚಿದಾಗ ಅದರ ದ್ವಿತೀಯಾ ವಿಭಕ್ತಿಯ ಪಾತ್ರ ‘ಚಲಿಸಿದ್ದು’ ಅಲ್ಲ, ‘ಮೂಲ ಕ್ರಿಯೆಯನ್ನು ಮಾಡಿದವರು’. ‘ಧೂಳು ಅವನನ್ನು ಸೀನಿಸಿತು’ ಎಂದರೆ ಸೀನಿದವನು ಅವನು. ‘ಮಗುವನ್ನು ಮಲಗಿಸಿದಳು’ ಎಂದರೆ ಮಲಗಿದ್ದು ಮಗು. ಇಂಗ್ಲಿಷಿನ ಚಾಲನೆಯ ರಚನೆಯಲ್ಲಿ ಸೀನುವವಳು ಕಾರಣದ ಸ್ಥಾನಕ್ಕೆ ಹೋದಳು. ನಮ್ಮ ಪ್ರೇರಣಾರ್ಥಕದಲ್ಲಿ ಸೀನುವ ಪಾತ್ರ ಕರ್ಮದ ಸ್ಥಾನಕ್ಕೇ ಹೋಗಬೇಕು, ಕರವಸ್ತ್ರಕ್ಕೆ ಅಲ್ಲಿ ಜಾಗವಿಲ್ಲ. ಎರಡೂ ಭಾಷೆಗಳಲ್ಲಿ ‘ಮಾಡಿಸುವ’ ಅರ್ಥವಿದ್ದರೂ ಬೆಸುಗೆಯ ಬಿಂದು ಬೇರೆ. ನಾವು ಆ ಸಂಗತಿಯನ್ನು ಹೇಳುವುದು ಎರಡು ಕ್ರಿಯೆಗಳಾಗಿ ಬಿಡಿಸಿ: ‘ಅವಳು ಸೀನಿದ ರಭಸಕ್ಕೆ ಕರವಸ್ತ್ರ ಮೇಜಿನಿಂದ ಹಾರಿಹೋಯಿತು’. ಚಲನೆಗೆ ಒಂದು ಕ್ರಿಯಾಪದ, ಅದಕ್ಕೆ ಕಾರಣವಾದದ್ದಕ್ಕೆ ಇನ್ನೊಂದು. ಭಾಷೆಗಳು ಚಲನೆಯ ದಾರಿಯನ್ನು ಮುಖ್ಯ ಕ್ರಿಯಾಪದದಲ್ಲಿ ಹೇಳುತ್ತವೆಯೋ ಅದರ ಸುತ್ತಲಿನ ಚಿಕ್ಕ ಪದಗಳಲ್ಲಿ ಹೇಳುತ್ತವೆಯೋ ಎಂಬ ಲೆನಾರ್ಡ್ ಟಾಲ್ಮಿ ಅವರ ಪ್ರಸಿದ್ಧ ವಿಂಗಡಣೆಗೂ ಇದಕ್ಕೂ ನಂಟಿದೆ. ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಕನ್ನಡದಲ್ಲಿ ಅನಿರೀಕ್ಷಿತ ಚೌಕಟ್ಟುಗಳೇ ಇಲ್ಲ ಎಂದು ಮಾತ್ರ ತಿಳಿಯಬೇಡಿ. ಹುಡುಕಬೇಕಾದ ಜಾಗ ಬೇರೆ. ‘ಹಿಡಿ’ ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳಿ. ಇದಕ್ಕೆ ಎರಡು ಪಾತ್ರಗಳು, ಹಿಡಿಯುವುದು ಮತ್ತು ಹಿಡಿತಕ್ಕೆ ಸಿಕ್ಕಿದ್ದು. ‘ಕಾವಲುಗಾರ ಕಳ್ಳನನ್ನು ಹಿಡಿದ’, ‘ಬೆಕ್ಕು ಇಲಿಯನ್ನು ಹಿಡಿಯಿತು’. ಸಿಕ್ಕಿದ್ದಕ್ಕೆ ದ್ವಿತೀಯಾ ವಿಭಕ್ತಿ ಬರಬೇಕು. ‘ಕಳ್ಳನಿಗೆ ಕಾವಲುಗಾರ ಹಿಡಿದ’ ಎಂದರೆ ತಪ್ಪು. ಆದರೆ ನಾವೇ ಹೇಳುತ್ತೇವೆ: ‘ಅವನಿಗೆ ಹುಚ್ಚು ಹಿಡಿಯಿತು’, ‘ಕಬ್ಬಿಣಕ್ಕೆ ತುಕ್ಕು ಹಿಡಿದಿದೆ’, ‘ಗೋಡೆಗೆ ಪಾಚಿ ಹಿಡಿದಿದೆ’. ಅಚ್ಚ ಸಕರ್ಮಕವಾದ ಕ್ರಿಯಾಪದದ ಮುಂದೆ ದ್ವಿತೀಯಾ ಮಾಯವಾಗಿ ಚತುರ್ಥೀ ಬಂದು ಕುಳಿತಿದೆ, ಅದೂ ವಾಕ್ಯದ ತಲೆಯಲ್ಲಿ. ಈ ಚತುರ್ಥೀ ‘ಹಿಡಿ’ಯ ಸ್ವತ್ತಲ್ಲ. ಅದು ‘ನನಗೆ ಹಸಿವಾಯಿತು’, ‘ಅವಳಿಗೆ ಕೋಪ ಬಂತು’, ‘ಮಗುವಿಗೆ ನಿದ್ದೆ ಹತ್ತಿತು’ ಎಂಬ ವಾಕ್ಯಗಳ ಚೌಕಟ್ಟಿನಿಂದ ಬಂದದ್ದು. ಆಗು, ಬರು, ಹತ್ತು, ಹಿಡಿ ಎಂಬ ಬೇರೆಬೇರೆ ಅರ್ಥದ ಕ್ರಿಯಾಪದಗಳು ಈ ಚೌಕಟ್ಟಿನಲ್ಲಿ ಕುಳಿತಾಗ ಎಲ್ಲವೂ ಒಂದೇ ಬಗೆಯ ಮಾತನ್ನು ಹೇಳುತ್ತವೆ: ಒಂದು ಸ್ಥಿತಿ ಒಬ್ಬರಿಗೆ ಒದಗಿತು, ಅವರು ಅದನ್ನು ಮಾಡಿಕೊಂಡವರಲ್ಲ.

ಇದನ್ನು ‘ಅನುಭವಿಸುವವರ ಚತುರ್ಥೀ’ ಎಂದು ಕರೆಯುವುದು ವಾಡಿಕೆ. ಆ ಹೆಸರು ಇಲ್ಲಿಗೆ ಸಾಲದು. ಕಬ್ಬಿಣ ಏನನ್ನೂ ಅನುಭವಿಸುವುದಿಲ್ಲ. ‘ಸ್ಥಿತಿಯೊಂದು ಅಂಟಿಕೊಂಡ ನೆಲೆ’ ಎಂದು ಪಾತ್ರವನ್ನು ಅಗಲ ಮಾಡಿಕೊಂಡರೆ ಹುಚ್ಚೂ ತುಕ್ಕೂ ಒಟ್ಟಿಗೆ ಬರುತ್ತವೆ. ಹೀಗೆ ಅಗಲ ಮಾಡಿದ್ದು ಸರಿಯೇ ಎಂದು ತಿಳಿಯಲು ಜೀವಿಗಳನ್ನು ಹಾಕಿ ನೋಡಬೇಕು. ‘ಇಲಿಗೆ ಬೆಕ್ಕು ಹಿಡಿಯಿತು’ ಎಂದು ಯಾರೂ ಹೇಳುವುದಿಲ್ಲ. ಆದರೆ ‘ಪುಸ್ತಕಕ್ಕೆ ಗೆದ್ದಲು ಹಿಡಿದಿದೆ’, ‘ಗಿಡಕ್ಕೆ ಹುಳು ಹಿಡಿದಿದೆ’ ಎಂದು ಸಲೀಸಾಗಿ ಹೇಳುತ್ತೇವೆ. ಗೆದ್ದಲೂ ಬೆಕ್ಕಿನಂತೆ ಜೀವಿಯೇ, ಅದಕ್ಕೂ ಬಾಯಿ ಇದೆ, ತಿನ್ನುತ್ತದೆ. ವ್ಯತ್ಯಾಸವೆಂದರೆ ಗೆದ್ದಲು ಒಂದು ವಸ್ತುವಿಗೆ ತಗುಲಿ ಅದರಲ್ಲಿಯೇ ನೆಲೆಸಿ ಆ ವಸ್ತುವಿನ ಸ್ಥಿತಿಯಾಗಿಬಿಡುತ್ತದೆ. ಬೆಕ್ಕು ಇಲಿಯ ಸ್ಥಿತಿಯಾಗುವುದಿಲ್ಲ, ಅದು ಹಾರಿ ಹಿಡಿಯುತ್ತದೆ. ಕ್ರಿಯಾಪದ ಒಂದೇ, ಹಿಡಿಯುವುದು ಎರಡರಲ್ಲಿಯೂ ಜೀವಿಯೇ. ಒಂದಕ್ಕೆ ಬಾಗಿಲು ತೆರೆದು ಇನ್ನೊಂದಕ್ಕೆ ಮುಚ್ಚುವುದು ರಚನೆಯ ಅರ್ಥ.

ಇದಕ್ಕಿಂತಲೂ ಸೂಕ್ಷ್ಮವಾದ ಜೋಡಿ ದೆವ್ವದ್ದು, ಏಕೆಂದರೆ ದೆವ್ವಕ್ಕೆ ಎರಡೂ ಚೌಕಟ್ಟುಗಳಲ್ಲಿ ಪ್ರವೇಶವಿದೆ. ‘ದೆವ್ವ ಅವಳನ್ನು ಹಿಡಿಯಿತು’ ಎಂದರೆ ಕತೆಯಲ್ಲಿ ಒಂದು ಘಟನೆ ನಡೆದಂತೆ. ಓಡುತ್ತಿದ್ದವಳನ್ನು ದೆವ್ವ ಬೆನ್ನಟ್ಟಿ ಕೈಗೆ ಸಿಕ್ಕಿಸಿಕೊಂಡಿತು ಎಂದೂ ಅರ್ಥ ಮಾಡಬಹುದು. ‘ಅವಳಿಗೆ ದೆವ್ವ ಹಿಡಿಯಿತು’ ಎಂದರೆ ಬೆನ್ನಟ್ಟುವ ಪ್ರಶ್ನೆಯೇ ಇಲ್ಲ. ಅದು ಅವಳಿಗೆ ಒದಗಿದ ಸ್ಥಿತಿಯ ವರ್ಣನೆ. ಹೆಸರುಪದಗಳು ಅವೇ, ಕ್ರಿಯಾಪದ ಅದೇ, ಬದಲಾದದ್ದು ವಿಭಕ್ತಿ ಮತ್ತು ಕ್ರಮ ಮಾತ್ರ.

ಕ್ರಿಯಾಪದ ಯಾವುದಾದರೂ ಹೀಗೆ ವರ್ತಿಸುತ್ತದೆ ಎಂದು ಸಾಧಿಸಹೊರಟಾಗ ಜಾರಿ ಬೀಳುವ ಜಾಗವೂ ಒಂದಿದೆ. ‘ನನಗೆ ಶಾಕ್ ಹೊಡೆಯಿತು’, ‘ನನಗೆ ಬೋರ್ ಹೊಡೆಯುತ್ತಿದೆ’ ಎಂಬ ಮಾತುಗಳನ್ನು ಇದೇ ಸಾಲಿಗೆ ತಂದು ‘ಹೊಡೆ’ಗೂ ಚತುರ್ಥೀ ರಚನೆಯಿಂದ ಬಂತು ಎನ್ನುವ ಆಸೆಯಾಗುತ್ತದೆ. ಆದರೆ ‘ಅವನು ನನಗೆ ಹೊಡೆದ’ ಎಂಬ ಸಾದಾ ವಾಕ್ಯದಲ್ಲಿಯೇ ಏಟು ತಿಂದವರಿಗೆ ಚತುರ್ಥೀ ಬರುತ್ತದಲ್ಲ! ಹಾಗಾಗಿ ವಿಭಕ್ತಿಯೊಂದನ್ನೇ ನೋಡಿ ಇಲ್ಲಿ ಏನೂ ತೀರ್ಮಾನಿಸಲಾಗದು. ‘ಬೋರ್ ಹೊಡೆಯುತ್ತಿದೆ’ ಎಂಬಲ್ಲಿ ಹೊಡೆಯುವವರು ಯಾರೂ ಇಲ್ಲ, ಬೋರ್ ಎಂಬುದೇ ಕರ್ತೃಸ್ಥಾನದಲ್ಲಿದ್ದು ಕ್ರಿಯಾಪದ ಅದರಂತೆ ನಪುಂಸಕಲಿಂಗದಲ್ಲಿದೆ ಎಂಬ ಸಾಕ್ಷ್ಯವನ್ನು ಸೇರಿಸಿದರೆ ಮಾತ್ರ ವಾದ ನಿಲ್ಲುತ್ತದೆ. ‘ಹಿಡಿ’ ಒಳ್ಳೆಯ ಉದಾಹರಣೆಯಾಗುವುದು ಅದರ ಮೂಲ ವಿಭಕ್ತಿ ಬೇರೆಯಾಗಿರುವುದರಿಂದಲೇ.

‘ಹುಚ್ಚು ಹಿಡಿ’ ಎಂಬುದು ಒಂದು ನುಡಿಗಟ್ಟು, ಅದನ್ನು ಇಡಿಯಾಗಿ ಬಾಯಿಪಾಠ ಮಾಡಿರುತ್ತೇವೆ, ಚೌಕಟ್ಟಿನ ಮಾತು ಏಕೆ ಎಂದು ನೀವು ಕೇಳಬಹುದು. ಇಡಿಯಾಗಿ ನೆನಪಿನಲ್ಲಿರುವುದು ನಿಜ, ರಚನಾ ವ್ಯಾಕರಣ ಅದನ್ನು ಅಲ್ಲಗಳೆಯುವುದಿಲ್ಲ. ನುಡಿಗಟ್ಟೂ ಚೌಕಟ್ಟೂ ಅದಕ್ಕೆ ಒಂದೇ ಜಾತಿಯ ವಸ್ತುಗಳು, ಒಂದು ಭರ್ತಿಯಾದದ್ದು, ಇನ್ನೊಂದು ಖಾಲಿ ಗೂಡುಗಳಿರುವುದು. ಖಾಲಿ ಗೂಡಿನ ಚೌಕಟ್ಟೂ ತಲೆಯಲ್ಲಿದೆ ಎಂಬುದನ್ನು ಅರ್ಥವಿಲ್ಲದ ಪದಗಳಿಂದ ನೀವೇ ಪರೀಕ್ಷಿಸಬಹುದು. ‘ರಾತ್ರಿಯಿಂದ ಅವನಿಗೆ ತಿಳುಕು ಜೊಗರಿದೆ’ ಎಂದು ಯಾರಿಗಾದರೂ ಹೇಳಿ, ಏನಾಗಿದೆ ಎಂದು ಕೇಳಿ. ಕಾಯಿಲೆಯೋ ಬೇಸರವೋ ಏನೋ ಅವನಿಗೆ ತಗುಲಿದೆ ಎಂಬ ಉತ್ತರವನ್ನು ನಾನು ನಿರೀಕ್ಷಿಸುತ್ತೇನೆ. ಈಗ ಅವೇ ಪದಗಳನ್ನು ‘ಅವಳು ಅವನಿಗೆ ತಿಳುಕನ್ನು ಜೊಗರಿದಳು’ ಎಂದು ಜೋಡಿಸಿ. ತಿಳುಕು ಎಂಬ ಯಾವುದೋ ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಂತೆ, ಅಥವಾ ಅವನಿಗಾಗಿ ಅವಳು ಏನನ್ನೋ ಮಾಡಿದಂತೆ ಕೇಳುತ್ತದೆ. ತಿಳುಕಿಗಾಗಲಿ ಜೊಗರುವುದಕ್ಕಾಗಲಿ ಅರ್ಥವಿಲ್ಲ. ನಿಮಗೆ ಹೊಳೆದದ್ದೆಲ್ಲವೂ ವಿಭಕ್ತಿಗಳೂ ಕ್ರಿಯಾಪದದ ಕೊನೆಯ ಪ್ರತ್ಯಯವೂ ಕೂಡಿ ಕೊಟ್ಟದ್ದು.

ಚೌಕಟ್ಟಿನ ಬಲವನ್ನು ಕನ್ನಡದ ಮಕ್ಕಳಲ್ಲಿಯೇ ಅಳೆದ ಅಧ್ಯಯನವೊಂದಿದೆ, ಈ ಕ್ಷೇತ್ರದಲ್ಲಿ ಅದು ದೊಡ್ಡ ಚರ್ಚೆಗೂ ಕಾರಣವಾಯಿತು. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಈ ಕೆಲಸದಲ್ಲಿ ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳಿಗೆ ವಾಕ್ಯಗಳನ್ನು ಹೇಳಿ, ಆಟಿಕೆ ಪ್ರಾಣಿಗಳಿಂದ ಅವನ್ನು ಆಡಿ ತೋರಿಸಲು ಹೇಳಿದರು. ಮಕ್ಕಳಿಗೆ ಗೊತ್ತಿದ್ದ ಕ್ರಿಯಾಪದಗಳನ್ನೇ ಕೆಲವೊಮ್ಮೆ ಒಂದು ನಾಮಪದದೊಂದಿಗೆ, ಕೆಲವೊಮ್ಮೆ ಎರಡರೊಂದಿಗೆ, ‘-ಇಸು’ ಹಚ್ಚಿಯೂ ಹಚ್ಚದೆಯೂ ಕೊಟ್ಟರು. ಕನ್ನಡದಲ್ಲಿ ನಾಮಪದಗಳನ್ನು ಬಿಟ್ಟು ಮಾತಾಡುವುದು ಸಾಮಾನ್ಯ, ಆದ್ದರಿಂದ ‘ಮಾಡಿಸುವ’ ಅರ್ಥಕ್ಕೆ ನಂಬಬಹುದಾದ ಗುರುತು ‘-ಇಸು’ ಆಗಬೇಕಿತ್ತು. ಮಕ್ಕಳು ಹಾಗೆ ಮಾಡಲಿಲ್ಲ. ಎರಡು ನಾಮಪದಗಳಿದ್ದರೆ ‘-ಇಸು’ ಇಲ್ಲದಿದ್ದರೂ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಏನನ್ನಾದರೂ ಮಾಡಿಸಿದರು. ಒಂದೇ ನಾಮಪದವಿದ್ದಾಗ ‘-ಇಸು’ ಇದ್ದರೂ ಅದನ್ನು ಲೆಕ್ಕಿಸಲಿಲ್ಲ. ನಾಮಪದಗಳ ಸಂಖ್ಯೆಯನ್ನು ನೋಡಬೇಕೆಂಬ ಈ ಒಲವು ಹುಟ್ಟಿನಿಂದ ಬಂದದ್ದು ಎಂದು ಲೇಖಕರು ವಾದಿಸಿದರು. ಮರುವರ್ಷವೇ ಗೋಲ್ಡ್‌ಬರ್ಗ್ ಪ್ರತಿಕ್ರಿಯಿಸಿ, ಘಟನೆಯಲ್ಲಿ ಎಷ್ಟು ಮಂದಿ ಇದ್ದಾರೋ ಅಷ್ಟನ್ನು ಹೆಸರಿಸುವುದು ಸಂವಹನದ ಸಹಜ ನಡೆ, ಅದಕ್ಕೆ ಜನ್ಮಜಾತ ವ್ಯಾಕರಣವನ್ನು ಕರೆತರಬೇಕಿಲ್ಲ ಎಂದರು. ಇಬ್ಬರ ವಾದವೂ ಹಾಗಿರಲಿ. ನಿಮ್ಮ ಪ್ರಶ್ನೆಗೆ ಬೇಕಾದ ಸಂಗತಿಯನ್ನು ಎರಡೂ ಪಕ್ಷಗಳು ಒಪ್ಪುತ್ತವೆ. ಅಕರ್ಮಕವೆಂದು ಗೊತ್ತಿರುವ ಕ್ರಿಯಾಪದವನ್ನು ಎರಡು ನಾಮಪದಗಳ ನಡುವೆ ಕೇಳಿದ ಕನ್ನಡದ ಮಗು, ವಾಕ್ಯ ತಪ್ಪೆಂದು ಕೈಬಿಡದೆ ಚೌಕಟ್ಟಿನ ಮಾತನ್ನೇ ಕೇಳುತ್ತದೆ.

ಎದುರು ಪಕ್ಷವೂ ಬಲವಾಗಿಯೇ ಇದೆ ಎಂಬುದನ್ನು ಹೇಳದೆ ಬಿಡಲಾಗದು. ಸ್ಟೆಫಾನ್ ಮ್ಯುಲರ್ ಮತ್ತು ಸ್ಟೀಫನ್ ವೆಕ್ಸ್‌ಲರ್ 2014ರಲ್ಲಿ ಬರೆದ ದೀರ್ಘ ವಿಮರ್ಶೆಯಲ್ಲಿ ಚೌಕಟ್ಟಿನ ಜವಾಬ್ದಾರಿಯನ್ನು ಮರಳಿ ಪದಕ್ಕೇ ಒಪ್ಪಿಸಬೇಕೆಂದು ವಾದಿಸುತ್ತಾರೆ. ಅವರ ಪ್ರಬಲ ಅಂಶವೆಂದರೆ, ಕ್ರಿಯಾಪದ ಕರ್ಮಣಿಗೆ ತಿರುಗಿದಾಗ ಅಥವಾ ನಾಮಪದವಾಗಿ ಮಾರ್ಪಟ್ಟಾಗ ವಾಕ್ಯದ ಚೌಕಟ್ಟು ಒಡೆದುಹೋಗುತ್ತದೆ, ಆದರೂ ಆಕಾಂಕ್ಷೆಗಳು ಪದದ ಬೆನ್ನಿಗೆ ಅಂಟಿಕೊಂಡು ಬರುತ್ತವೆ. ‘ಹುಚ್ಚು ಹಿಡಿದವನು’, ‘ತುಕ್ಕು ಹಿಡಿದ ಕಬ್ಬಿಣ’ ಎಂಬಲ್ಲಿ ಚತುರ್ಥೀ ವಿಭಕ್ತಿಯೂ ಇಲ್ಲ, ವಾಕ್ಯದ ಕ್ರಮವೂ ಇಲ್ಲ. ಆದರೂ ಯಾರಿಗೆ ಏನಾಯಿತು ಎಂಬುದು ಸ್ಪಷ್ಟ. ಇದನ್ನು ಅವರ ಪಕ್ಷಕ್ಕೆ ಸಾಕ್ಷ್ಯವಾಗಿ ಬಳಸಬಹುದು. ರಚನೆಯ ಪಕ್ಷದವರು, ರಚನೆ ಎಂದರೆ ಮೇಲ್ಮೈಯ ಪದಗಳ ಸಾಲಲ್ಲ, ಪಾತ್ರಗಳ ಅಮೂರ್ತ ಜೋಡಣೆ, ಅದು ಬೇರೆ ರಚನೆಗಳೊಂದಿಗೆ ಕೂಡಿಕೊಳ್ಳಬಲ್ಲದು ಎಂದು ಉತ್ತರಿಸುತ್ತಾರೆ. ನನಗೆ ಈ ಉತ್ತರ ಒಪ್ಪಿಗೆಯೇ, ಆದರೆ ರಚನೆಯನ್ನು ಇಷ್ಟು ಅಮೂರ್ತಗೊಳಿಸಿದಷ್ಟೂ ಎರಡು ಪಕ್ಷಗಳ ನಡುವಿನ ಅಂತರ ಕಿರಿದಾಗುತ್ತದೆ ಎಂಬುದನ್ನೂ ಒಪ್ಪಬೇಕು.

ಕೊನೆಗೆ, ಪೈಪೋಟಿಯ ತಡೆ ಕನ್ನಡದಲ್ಲಿಯೂ ಕೆಲಸ ಮಾಡುತ್ತದೆಯೇ ಎಂಬುದು ಉಳಿಯಿತು. ‘ಅವನಿಗೆ ಜ್ವರ ಹಿಡಿಯಿತು’ ಎನ್ನುತ್ತೇವೆ, ‘ಗೀಳು ಹಿಡಿಯಿತು’ ಎನ್ನುತ್ತೇವೆ; ‘ಅವನಿಗೆ ಹಸಿವು ಹಿಡಿಯಿತು’ ಎಂದು ನನ್ನ ಕಿವಿ ಒಪ್ಪುವುದಿಲ್ಲ. ಹಸಿವೂ ಒದಗಿ ಬರುವ ಸ್ಥಿತಿಯೇ ಆದ್ದರಿಂದ ರಚನೆಯ ಅರ್ಥದಲ್ಲಿ ಅದಕ್ಕೆ ಅಡ್ಡಿ ಕಾಣುವುದಿಲ್ಲ. ಆದರೆ ಹಸಿವಿನ ಮಾತು ಬಂದಾಗಲೆಲ್ಲ ‘ಹಸಿವಾಯಿತು’ ಎಂಬುದನ್ನೇ ಕೇಳುತ್ತ ಬೆಳೆದವರು ನಾವು, ಆ ಗೂಡು ‘ಆಗು’ ಎಂಬುದರ ವಶದಲ್ಲಿದೆ. ‘ಗೀಳು’ ಎಂಬುದನ್ನು ಹಾಗೆ ವಶಪಡಿಸಿಕೊಂಡ ಬೇರೆ ಕ್ರಿಯಾಪದ ಇಲ್ಲದ್ದರಿಂದ ಹೊಸ ಗೀಳು ಯಾವುದು ಹುಟ್ಟಿದರೂ ಅದು ಯಾರ ಅಪ್ಪಣೆಯನ್ನೂ ಕೇಳದೆ ‘ಹಿಡಿಯುತ್ತದೆ’.